ತಪ್ಪು ಉತ್ತರಕ್ಕೂ ಖಾಲಿ ಬಿಟ್ಟದ್ದಕ್ಕೂ ಒಂದೇ ಸೊನ್ನೆಯಾದರೆ

"ಮಿಸ್, ಚಾಟ್‌ಜಿಪಿಟಿ ಹೇಳಿದ್ದನ್ನು ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ?" ಅಭ್ಯಾಸ ಬೋಧನೆಗೆ ಹೋದ ಕಡೆಯೆಲ್ಲ ಮಕ್ಕಳು ಕೇಳುವ ಪ್ರಶ್ನೆ ಇದು. "ನಂಬಬೇಡಿ" ಎಂದು ಹೇಳಿ ಮುಗಿಸುವುದು ಉತ್ತರವಲ್ಲ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, ಎತ್ತರ 1,748 ಮೀಟರ್ ಎಂಬಂಥದ್ದನ್ನು ಅದು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತದೆ. ಅದೇ ಮಗು ತನ್ನ ಊರಿನ ಪ್ರಾಥಮಿಕ ಶಾಲೆ ಯಾವ ವರ್ಷ ಆರಂಭವಾಯಿತೆಂದು ಕೇಳಿದರೆ, ಅಷ್ಟೇ ಧೈರ್ಯದಿಂದ ಇಲ್ಲದ ವರ್ಷವೊಂದನ್ನು ಹೇಳಿಬಿಡಬಹುದು. ಯಾವುದನ್ನು ನಂಬಬೇಕೆಂದು ಮಕ್ಕಳಿಗೆ ತಿಳಿಯಬೇಕಾದರೆ, ಈ ಮಾದರಿಗಳು ಕಲಿಯುವ ಬಗೆಯನ್ನೇ ಅವರಿಗೆ ಹೇಳಿಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಕಲಿಕೆಯ ಮೊದಲ ಹಂತ ಬಿಟ್ಟ ಪದ ತುಂಬುವ ಅಭ್ಯಾಸದಂತೆ. ಅಪಾರ ಪಠ್ಯವನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಮೆಟಾ ಕಂಪನಿಯ ಲಾಮಾ 3 ಮಾದರಿಗೆ ಬಳಸಿದ್ದು ಸುಮಾರು 15 ಲಕ್ಷ ಕೋಟಿ ತುಣುಕು. "ತಡಿಯಂಡಮೋಳ್ ಬೆಟ್ಟದ ಎತ್ತರ..." ಎಂಬಲ್ಲಿಗೆ ನಿಲ್ಲಿಸಿ ಮುಂದಿನ ತುಣುಕನ್ನು ಮಾದರಿಯಿಂದ ಊಹೆ ಮಾಡಿಸುತ್ತಾರೆ. ನಿಜವಾದ ತುಣುಕಿಗೆ ಅದು ಎಷ್ಟು ಕಡಿಮೆ ಸಂಭವನೀಯತೆ ಕೊಟ್ಟಿತ್ತೋ ಅದಕ್ಕೆ ತಕ್ಕಂತೆ ಒಳಗಿನ ಕೋಟ್ಯಂತರ ಸಂಖ್ಯೆಗಳು ಸ್ವಲ್ಪ ಸ್ವಲ್ಪ ತಿದ್ದಲ್ಪಡುತ್ತವೆ. ಹೀಗೆ ಉಳಿಯುವುದು ಓದಿದ ಪುಟಗಳಲ್ಲ, ಯಾವುದರ ನಂತರ ಯಾವುದು ಬರುತ್ತದೆ ಎಂಬ ಒಲವು ಮಾತ್ರ.

ನೂರಾರು ಕಡೆ ಬರೆದಿರುವ ಬೆಟ್ಟದ ಎತ್ತರದ ವಿಷಯದಲ್ಲಿ ಈ ಒಲವು ಒಂದೇ ಉತ್ತರದ ಕಡೆ ಗಟ್ಟಿಯಾಗಿ ವಾಲುತ್ತದೆ. ಊರ ಶಾಲೆಯ ವರ್ಷ ಎಲ್ಲೋ ಒಮ್ಮೆ ಬಂದಿರಬಹುದು, ಬಾರದೆಯೂ ಇರಬಹುದು. ಆದರೆ "ಈ ಶಾಲೆ ಇಂಥ ವರ್ಷದಲ್ಲಿ ಸ್ಥಾಪನೆಯಾಯಿತು" ಎಂಬ ವಾಕ್ಯದ ಅಚ್ಚು ಮಾದರಿಗೆ ಚೆನ್ನಾಗಿ ಗೊತ್ತು. ಆ ಅಚ್ಚಿಗೆ ಹೊಂದುವ ಯಾವುದೋ ವರ್ಷವನ್ನು ಅದು ತುಂಬುತ್ತದೆ. ಓಪನ್‌ಎಐ ಮತ್ತು ಜಾರ್ಜಿಯಾ ಟೆಕ್ ಸಂಶೋಧಕರು 2025ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಗಣಿತದಲ್ಲಿ ತೋರಿಸಿದರು: ಜನ್ಮದಿನಗಳಂಥ ಸಂಗತಿಗಳಲ್ಲಿ ಶೇ. 20ರಷ್ಟು ತರಬೇತಿ ಪಠ್ಯದಲ್ಲಿ ಒಂದೇ ಸಲ ಬಂದಿದ್ದರೆ, ಮೊದಲ ಹಂತ ಮುಗಿಸಿದ ಮಾದರಿ ಅಂಥ ಪ್ರಶ್ನೆಗಳಲ್ಲಿ ಕನಿಷ್ಠ ಶೇ. 20ರಷ್ಟಕ್ಕೆ ತಪ್ಪು ಹೇಳುತ್ತದೆಂದು ನಿರೀಕ್ಷಿಸಬೇಕು. ಕೊಡವ ತಕ್ಕ್, ಐನ್‌ಮನೆ, ಊರ ದೇವರಕಾಡು ಇವುಗಳ ಬಗ್ಗೆ ಅಂತರ್ಜಾಲದಲ್ಲಿರುವ ಬರಹವೇ ಕಡಿಮೆ. ಹಾಗಾಗಿ ನಮ್ಮ ಮಕ್ಕಳು ಸ್ಥಳೀಯ ವಿಷಯ ಕೇಳಿದಾಗಲೇ ಅಪಾಯ ಹೆಚ್ಚು.

ಅಚ್ಚು ಸರಿ, ಸಂಗತಿ ಸುಳ್ಳು ಎಂಬುದಕ್ಕೆ ದೊಡ್ಡವರೂ ಮೋಸಹೋಗುತ್ತಾರೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ನೀಡಿದ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂಪಡೆಯಲಾಯಿತು. ಅವು ಎಐ ಸಾಧನದಿಂದ ಬಂದಿರಬಹುದೆಂಬ ಶಂಕೆ ವರದಿಯಾಯಿತು.

ಎರಡನೇ ಹಂತದಲ್ಲಿ ಜನರು ಬರೆದ ಪ್ರಶ್ನೋತ್ತರಗಳಿಂದ, ಜನರು ಮೆಚ್ಚಿದ ಉತ್ತರಗಳಿಂದ ಮಾದರಿಯನ್ನು ತಿದ್ದುತ್ತಾರೆ. "ಗೊತ್ತಿಲ್ಲ" ಎನ್ನುವುದನ್ನೂ ಇಲ್ಲಿ ಕಲಿಸಬಹುದು. ಆದರೆ ಮಾದರಿಗಳನ್ನು ಅಳೆಯುವ ಹೆಚ್ಚಿನ ಪರೀಕ್ಷೆಗಳಲ್ಲಿ ಸರಿಯುತ್ತರಕ್ಕೆ 1, ತಪ್ಪಿಗೆ 0, "ಗೊತ್ತಿಲ್ಲ" ಎಂದರೂ 0. ನಮ್ಮ ಕೆಸಿಇಟಿಯಂತೆ ಅಲ್ಲಿ ಋಣಾಂಕವಿಲ್ಲ. ಐವತ್ತು ವರ್ಷಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಹೇಳಿದರೂ ಸರಾಸರಿ 0.02 ಅಂಕ ಸಿಗುತ್ತದೆ, ಸುಮ್ಮನಿದ್ದರೆ ಏನೂ ಇಲ್ಲ. ಊಹಿಸುವವನೇ ಪಟ್ಟಿಯಲ್ಲಿ ಮೇಲೇರುತ್ತಾನೆ. ಅದೇ ಸಂಶೋಧಕರು ದೂರುವುದು ಈ ಅಂಕ ನೀಡಿಕೆಯನ್ನೇ.

ಇದು ನಮ್ಮ ಮೌಲ್ಯಮಾಪನದ ಮೇಲೂ ಬೆಳಕು ಚೆಲ್ಲುತ್ತದೆ. ಒಂದು ಘಟಕ ಪರೀಕ್ಷೆಯಲ್ಲಾದರೂ ಸರಿಗೆ 1, "ತಿಳಿಯದು" ಎಂದರೆ 0, ತಪ್ಪಿಗೆ ಮೂರು ಅಂಕ ಕಡಿತ ಎಂದು ಇಟ್ಟುನೋಡೋಣ. ಅಂಕವನ್ನು ದಾಖಲೆಗೆ ಸೇರಿಸಬೇಕಿಲ್ಲ. ಶೇ. 75ಕ್ಕಿಂತ ಹೆಚ್ಚು ಖಚಿತವಿದ್ದಾಗ ಮಾತ್ರ ಬರೆದರೆ ಲಾಭ ಎಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ತನ್ನ ಖಚಿತತೆಯನ್ನು ಅಳೆಯಲು ಕಲಿತ ಮಗು ಯಂತ್ರದ ಖಚಿತತೆಯನ್ನೂ ಪ್ರಶ್ನಿಸುತ್ತದೆ.

ಆ ಬಳಿಕ ಪ್ರಾಜೆಕ್ಟ್‌ಗೆ ಹೀಗೆ ಹೇಳಬಹುದು: ಈ ಸಂಗತಿಯನ್ನು ಎಷ್ಟು ಜನ ಬರೆದಿರಬಹುದೆಂದು ಮೊದಲು ಯೋಚಿಸು. ಅಪರೂಪದ್ದಾದರೆ, ಅದೇ ಪ್ರಶ್ನೆಯನ್ನು ಬೇರೆ ಬೇರೆ ಹೊಸ ಸಂಭಾಷಣೆಗಳಲ್ಲಿ ಐದು ಸಲ ಕೇಳು. ವರ್ಷ ಬದಲಾಗುತ್ತಿದ್ದರೆ ಅದು ಊಹೆ. ಬದಲಾಗದಿದ್ದರೂ ಸಾಬೀತಾಯಿತು ಎಂದಲ್ಲ, ಏಕೆಂದರೆ ಹಲವರು ಬರೆದ ತಪ್ಪನ್ನೂ ಅದು ಗಟ್ಟಿಯಾಗಿಯೇ ಕಲಿತಿರುತ್ತದೆ. ಜಾಲತಾಣದ ಕೊಂಡಿ ಕೊಟ್ಟರೆ ತೆರೆದು ಆ ಸಾಲು ಅಲ್ಲಿದೆಯೇ ಎಂದು ಓದು. ಊರ ಶಾಲೆಯ ವರ್ಷ ಬೇಕಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ ಹಳೆಯ ದಾಖಲಾತಿ ವಹಿಯ ಮೊದಲ ಪುಟ ನೋಡು. ಪ್ರಾಜೆಕ್ಟ್‌ನಲ್ಲಿ ವರ್ಷದ ಪಕ್ಕದಲ್ಲೇ ಎಲ್ಲಿ ನೋಡಿದೆ ಎಂಬುದನ್ನು ಬರೆ. ಅಂಕವನ್ನು ನಾವು ಕೊಡಬೇಕಾದ್ದು ಆ ಸಾಲಿಗೆ.