ಆ ಮೊದಲ ಕಲೆಗೆ ಅವಸರದ ಮುಲಾಮು ಬೇಡ

ಎದೆಯ ಮೇಲೋ ಬೆನ್ನ ಮೇಲೋ ಹೊಟ್ಟೇಳುವ ಒಂದು ಕಲೆ ಕಂಡರೆ ಸಾಕು, ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಸಿಗುವ ಸಲಹೆ ಒಂದೇ: ‘ಗಜಕರ್ಣ ಆಗೇತಿ, ಅಂಗಡಿಯಿಂದ ಟ್ಯೂಬ್ ತಂದು ಹಚ್ಚು.’ ಈ ಅವಸರ ತಪ್ಪು ಎಂಬುದು ನನ್ನ ಅಭಿಪ್ರಾಯ. ಒಂಟಿಯಾಗಿ ಬರುವ ಕಲೆಗಳೆಲ್ಲ ಗಜಕರ್ಣವಲ್ಲ.

ಲಕ್ಷ್ಮೇಶ್ವರದಲ್ಲಿ ನಿಕಾಹ್ ಗೊತ್ತಾದ 19 ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳ ಪಕ್ಕೆಯಲ್ಲಿ ಸುಮಾರು 3 ಸೆಂ.ಮೀ. ಉದ್ದದ, ಮೊಟ್ಟೆಯಾಕಾರದ ಕಲೆ ಏಳುತ್ತದೆ. ಅಂಚಿನ ಸ್ವಲ್ಪ ಒಳಗೆ ತೆಳ್ಳನೆಯ ಹೊಟ್ಟು ಉಂಗುರದಂತೆ ನಿಂತಿರುತ್ತದೆ. ಇದು ತಾಯಿಕಲೆ. ಹತ್ತು ದಿನ ಕಳೆಯುವಷ್ಟರಲ್ಲಿ ಅದರದೇ ರೂಪದ ಸಣ್ಣ ಕಲೆಗಳು ಎದೆ, ಹೊಟ್ಟೆ, ಬೆನ್ನಿನ ತುಂಬ ಬರುತ್ತವೆ. ಬೆನ್ನಿನಲ್ಲಿ ಅವು ಮರದ ಇಳಿಬಿದ್ದ ಕೊಂಬೆಗಳಂತೆ ಎರಡೂ ಬದಿಗೆ ಓರೆಯಾಗಿ ಸಾಲುಗಟ್ಟುತ್ತವೆ. ಮುಖ, ಅಂಗೈ, ಅಂಗಾಲು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಪುಸ್ತಕಗಳು ಈ ಕಲೆಗಳನ್ನು ಗುಲಾಬಿ ಬಣ್ಣದವು ಎನ್ನುತ್ತವೆ. ನಮ್ಮ ಗೋಧಿ ಬಣ್ಣದ, ಕಪ್ಪು ಚರ್ಮದಲ್ಲಿ ಅವು ಕಂದು ಅಥವಾ ಬೂದು ಬಣ್ಣವಾಗಿ ಕಾಣುತ್ತವೆ.

ಇದರ ಹೆಸರು ಪಿಟಿರಿಯಾಸಿಸ್ ರೋಸಿಯಾ. ಹೆಚ್ಚಾಗಿ 10ರಿಂದ 35ರ ವಯಸ್ಸಿನವರಿಗೆ ಬರುತ್ತದೆ. ಮೈಯಲ್ಲಿ ಮೊದಲೇ ಅಡಗಿರುವ ಒಂದು ಬಗೆಯ ವೈರಸ್ ಮತ್ತೆ ಎಚ್ಚೆತ್ತು ಹೀಗಾಗುತ್ತದೆಂದು ವೈದ್ಯರ ಅಂದಾಜು. ಇದು ಕೊಳೆಯಿಂದ ಬಂದದ್ದಲ್ಲ. ಮುಟ್ಟಿದರೆ ಹರಡುವ ರೋಗವೆಂದು ಹುಡುಗಿಯ ಟವೆಲ್, ಹಾಸಿಗೆ ಬೇರೆ ಮಾಡಬೇಕಾಗಿಲ್ಲ, ನಿಕಾಹ್ ಮುಂದೂಡಬೇಕಾಗಿಯೂ ಇಲ್ಲ. ಆರರಿಂದ ಎಂಟು ವಾರಗಳಲ್ಲಿ, ಕೆಲವೊಮ್ಮೆ ಮೂರು ತಿಂಗಳಲ್ಲಿ ತಾನಾಗಿ ಮಾಯುತ್ತದೆ. ಉಳಿದ ಕಪ್ಪು ಛಾಯೆ ಅಳಿಯಲು ಇನ್ನೂ ಕೆಲವು ತಿಂಗಳು ಬೇಕಾದೀತು. ಸುಡುನೀರು, ಒರಟು ಉಜ್ಜುವಿಕೆ ತುರಿಕೆಯನ್ನು ಹೆಚ್ಚಿಸುತ್ತವೆ. ಉಗುರುಬೆಚ್ಚನೆಯ ನೀರಿನ ಸ್ನಾನ, ಆಮೇಲೆ ಕೊಬ್ಬರಿ ಎಣ್ಣೆ ಸಾಕು. ವುಜೂ, ಗುಸ್ಲ್‌ಗೆ ಏನೂ ಅಡ್ಡಿಯಿಲ್ಲ.

ಹಾಗಾದರೆ ಟ್ಯೂಬ್ ಹಚ್ಚಿದರೆ ನಷ್ಟವೇನು? ಅಂಗಡಿಯಲ್ಲಿ ಕೇಳಿ ತರುವ ಅನೇಕ ಟ್ಯೂಬ್‌ಗಳಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬರೆಗಳು ಬೀಳುತ್ತವೆ. ಆ ಬರೆ ಮಾಯುವುದಿಲ್ಲ. ಕಲೆ ನಿಜವಾಗಿಯೂ ಗಜಕರ್ಣವೇ ಆಗಿದ್ದರೆ ತುರಿಕೆ ತಗ್ಗಿ, ಬೂಷ್ಟು ಮಾತ್ರ ಒಳಗೊಳಗೇ ಹಬ್ಬುತ್ತದೆ. ರೂಪ ಕೆಡುವುದರಿಂದ ವೈದ್ಯರಿಗೂ ಗುರುತು ಸಿಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇದಕ್ಕೇ.

ಆದ್ದರಿಂದ ಮೊದಲ ಕಲೆಗೆ ಏನೂ ಹಚ್ಚದೆ ವೈದ್ಯರಿಗೆ ತೋರಿಸಿ. ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟು ಇದೆಯೋ ಇಲ್ಲವೋ ತಿಳಿಯುತ್ತದೆ. ಅಂಗೈ, ಅಂಗಾಲಿಗೂ ಕಲೆ ಬಂದರೆ ರಕ್ತಪರೀಕ್ಷೆ ಬೇಕು. ಕಲೆಗೆ ಸ್ಪರ್ಶ ತಿಳಿಯದಿದ್ದರೆ ಕುಷ್ಠದ ತಪಾಸಣೆ ಆಗಲೇಬೇಕು. ಗರ್ಭಿಣಿಯರಂತೂ, ವಿಶೇಷವಾಗಿ ಮೊದಲ ನಾಲ್ಕು ತಿಂಗಳಲ್ಲಿ, ತಡಮಾಡಬಾರದು. ಶಿರಹಟ್ಟಿಯಿಂದ ಗದಗಿಗೆ ಒಂದು ದಿನದ ಓಡಾಟ ಆದೀತು. ಬರೆ ಬಿದ್ದ ಚರ್ಮವನ್ನು ಮೊದಲಿನಂತೆ ಮಾಡಲು ಎಷ್ಟು ಓಡಾಡಿದರೂ ಆಗದು.