ಹಾದಿ ಅಗಲ, ನಡಿಗೆ ಆಮೆಯದು!

ಬೆಂಗಳೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಕಾಲೇಜಿನ ಪ್ರಾಜೆಕ್ಟಿಗಾಗಿ ಕ್ಯಾಲಿಫೋರ್ನಿಯಾದ ಸರ್ವರಿನಿಂದ 1 ಗಿಗಾಬೈಟ್ ಫೈಲನ್ನು ಇಳಿಸಿಕೊಳ್ಳಬೇಕು. ಅದಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಪ್ಪ ಹೆಚ್ಚು ಹಣ ಕಟ್ಟಿ, ಸೆಕೆಂಡಿಗೆ 10 ಮೆಗಾಬಿಟ್ ಇದ್ದ ಸಂಪರ್ಕವನ್ನು 100ಕ್ಕೆ ಏರಿಸುತ್ತಾರೆ. ಈಗ ಊರಿನೊಳಗಿನ ಸರ್ವರಿನಿಂದ ಫೈಲುಗಳು ಚಕಚಕನೆ ಬರುತ್ತವೆ. ಕ್ಯಾಲಿಫೋರ್ನಿಯಾದ್ದು ಮಾತ್ರ ಮತ್ತದೇ ಒಂದು ಗಂಟೆ! ಕೊಟ್ಟ ಹಣ ಎಲ್ಲಿ ಹೋಯಿತು?

ಉತ್ತರವಿರುವುದು ದೂರದಲ್ಲಿ. ಇಂಟರ್ನೆಟ್ಟಿನಲ್ಲಿ ಫೈಲುಗಳನ್ನು ಸಾಗಿಸುವ ನಿಯಮಾವಳಿಗೆ ಟಿಸಿಪಿ ಎಂದು ಹೆಸರು. ಹಿಂದೆ ಅಂಚೆಯ ರಿಜಿಸ್ಟರ್ಡ್ ಪತ್ರಕ್ಕೆ ಸ್ವೀಕೃತಿ ಚೀಟಿ ಬರುತ್ತಿದ್ದ ಹಾಗೆ, ಇಲ್ಲಿಯೂ ಕಳಿಸಿದ ಮಾಹಿತಿಗೆ ‘ತಲುಪಿತು’ ಎಂಬ ಉತ್ತರ ಬರಬೇಕು. ಉತ್ತರ ಬರುವ ಮುನ್ನ ಎಷ್ಟು ಮಾಹಿತಿಯನ್ನು ಕಳಿಸಬಹುದು ಎಂಬುದಕ್ಕೆ ಮಿತಿಯುಂಟು. ಅದೇ ‘ವಿಂಡೋ’. 1981ರ ನಿಯಮದಲ್ಲಿ ಇದನ್ನು ಬರೆಯಲು 16 ಬಿಟ್‌ಗಳ ಜಾಗವಷ್ಟೇ ಇತ್ತು. ಹಾಗಾಗಿ ಗರಿಷ್ಠ ಮಿತಿ 65,535 ಬೈಟ್.

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸಮುದ್ರದಡಿಯ ಕೇಬಲ್ಲುಗಳ ಸುತ್ತುದಾರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರಲು ಸುಮಾರು ಕಾಲು ಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ನಾಲ್ಕೇ ಕಂತು. ನಾಲ್ಕು ಕಂತು ಸೇರಿದರೆ ಸುಮಾರು 2.6 ಲಕ್ಷ ಬೈಟ್, ಎಂದರೆ 2.1 ಮೆಗಾಬಿಟ್. ಸಂಪರ್ಕ ಹತ್ತಿರಲಿ, ನೂರಿರಲಿ, ಇದಕ್ಕಿಂತ ಹೆಚ್ಚು ಬಾರದು. ಉಳಿದ ಹೊತ್ತೆಲ್ಲ ಸರ್ವರ್ ಉತ್ತರಕ್ಕಾಗಿ ಕಾಯುತ್ತ ಸುಮ್ಮನಿರುತ್ತದೆ. 100 ಮೆಗಾಬಿಟ್ ಹಾದಿ ತುಂಬಬೇಕಾದರೆ ವಿಂಡೋ ಸುಮಾರು 31 ಲಕ್ಷ ಬೈಟ್ ಇರಬೇಕು.

1992ರಲ್ಲಿ ಇದಕ್ಕೆ ಪರಿಹಾರ ಬಂತು. ವಿಂಡೋದ ಅಂಕಿಯನ್ನು ಇಷ್ಟರಿಂದ ಗುಣಿಸಿಕೊಳ್ಳಿ ಎಂದು ಎರಡೂ ಕಡೆಯ ಕಂಪ್ಯೂಟರುಗಳು ಮೊದಲ ಪರಿಚಯದಲ್ಲೇ ಹೇಳಿಕೊಳ್ಳುತ್ತವೆ. ಈಗಿನ ಕಂಪ್ಯೂಟರುಗಳು ಇದನ್ನು ತಾವಾಗಿಯೇ ಮಾಡುತ್ತವೆ. ಆದರೆ ದಾರಿಯಲ್ಲಿರುವ ಹಳೆಯ ಫೈರ್‌ವಾಲ್ ಆ ಮಾತನ್ನು ಅಳಿಸಿಬಿಟ್ಟರೆ, ಅಥವಾ ಫೈಲ್ ಕಳಿಸುವ ತಂತ್ರಾಂಶವೇ ಚಿಕ್ಕ ಮಿತಿಯನ್ನು ಇಟ್ಟುಕೊಂಡಿದ್ದರೆ, ಹಳೆಯ ಕಥೆಯೇ ಮರಳುತ್ತದೆ.

ಪತ್ತೆ ಹಚ್ಚುವುದು ಹೇಗೆ? `ping` ಆದೇಶ ಕೊಟ್ಟರೆ ಹೋಗಿಬರುವ ಸಮಯ ತಿಳಿಯುತ್ತದೆ. 65,535ನ್ನು ಆ ಸಮಯದಿಂದ ಭಾಗಿಸಿ. ಬಂದ ಉತ್ತರದ ಆಸುಪಾಸಿನಲ್ಲೇ ವೇಗ ಏರಿಳಿಯದೆ ನಿಂತಿದ್ದರೆ ವಿಂಡೋದ ಮೇಲೆ ಅನುಮಾನ ಪಡಬಹುದು. ಅದೇ ಸರ್ವರಿನಿಂದ ನಾಲ್ಕು ಫೈಲುಗಳನ್ನು ಒಟ್ಟಿಗೆ ಇಳಿಸಿ ನೋಡಿ. ಪ್ರತಿಯೊಂದೂ ಅದೇ ವೇಗದಲ್ಲಿ ಬಂದರೆ ಅನುಮಾನ ಖಚಿತವಾದಂತೆ. ವೇಗ ಏರುತ್ತ, ಥಟ್ಟನೆ ಕುಸಿಯುತ್ತಿದ್ದರೆ ಮಾತ್ರ ಕಾರಣ ಬೇರೆ: ದಾರಿಯಲ್ಲಿ ಮಾಹಿತಿ ಕಳೆದುಹೋಗುತ್ತಿದೆ. ಅದಕ್ಕೆ ದೊಡ್ಡ ವಿಂಡೋ ಮದ್ದಲ್ಲ.

ಅಪ್ಪ ಇನ್ನೂ ವೇಗದ ಸಂಪರ್ಕಕ್ಕೆ ಹಣ ಕಟ್ಟುವ ಮುನ್ನ, ಮಗಳು ಈ ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು.