‘ಶೇ 95’ ಎಂಬ ಭರವಸೆ ಯಾವುದರ ಮೇಲೆ?

ವರದಿಯ ಒಂದು ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಗುಂಪುಗಳಿಗೆ ಕಳಿಸುವುದು ಈಗ ಎಲ್ಲ ಕಡೆ ರೂಢಿ. ಸಾಲು ಬರುತ್ತದೆ, ಅದರ ವಿಧಾನವನ್ನು ವಿವರಿಸಿದ ಪುಟ ಬರುವುದಿಲ್ಲ. ಸಂಖ್ಯಾಶಾಸ್ತ್ರದ ಒಂದು ಸಂಕ್ಷೇಪದ ಮಟ್ಟಿಗೆ ಈ ರೂಢಿ ಅಪಾಯಕಾರಿ. ‘95% CI’ ಎಂದು ಅಚ್ಚಾದದ್ದು ಕಾನ್ಫಿಡೆನ್ಸ್ ಇಂಟರ್ವಲ್ ಇರಬಹುದು, ಕ್ರೆಡಿಬಲ್ ಇಂಟರ್ವಲ್ ಕೂಡ ಇರಬಹುದು. ಎರಡಕ್ಕೂ ಅಕ್ಷರ ಅವೇ, ಅರ್ಥ ಮಾತ್ರ ಬೇರೆ ಬೇರೆ.

ಹಾವೇರಿ ಜಿಲ್ಲೆಯ ಗೋವಿನಜೋಳವನ್ನೇ ತೆಗೆದುಕೊಳ್ಳೋಣ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಹಿರೇಕೆರೂರಿನ ನೆರೆಯ ಶಿವಮೊಗ್ಗ ಜಿಲ್ಲೆಯ ಹೊಲಗಳಲ್ಲಿ. ಸುಳಿಯೊಳಗೆ ಕೂತು ಎಲೆ ತಿಂದು ಹಿಕ್ಕೆ ತುಂಬುವ ಈ ಹುಳುವಿನ ಕಾಟ ಎಷ್ಟು ಹೊಲಗಳಿಗೆ ಹಬ್ಬಿದೆ ಎಂದು ತಿಳಿಯಲು ಎಲ್ಲ ಹೊಲಗಳನ್ನೂ ಸುತ್ತಲಾಗದು, ಒಂದಷ್ಟನ್ನು ಆರಿಸಿ ನೋಡಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ತಲಾ 40 ಹೊಲ ನೋಡಿದರು, ಸವಣೂರಿನ 40ರಲ್ಲಿ 10 ಹೊಲಗಳಲ್ಲಿ ಹುಳು ಸಿಕ್ಕಿತು ಎಂದುಕೊಳ್ಳಿ. ಇದು ಲೆಕ್ಕ ತೋರಿಸಲು ಕಟ್ಟಿದ ಉದಾಹರಣೆ, ನಡೆದ ಸಮೀಕ್ಷೆಯಲ್ಲ. ಫೋಟೊದಲ್ಲಿ ಬಂದ ಸಾಲು ಹೀಗಿದೆ: ‘ಸವಣೂರು: ಶೇ 25 (95% CI 13–41)’.

ಓದಿದ ಹೆಚ್ಚಿನವರು ‘ನಿಜವಾದ ಪ್ರಮಾಣ 13 ಮತ್ತು 41ರ ನಡುವೆ ಇರುವ ಸಾಧ್ಯತೆ ಶೇ 95’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಈ ಅಂಕಿ ಕಾನ್ಫಿಡೆನ್ಸ್ ಇಂಟರ್ವಲ್‌ನದು. ಆದ್ದರಿಂದ ಆ ಓದು ತಪ್ಪು.

ಜೆರ್ಜಿ ನೇಮನ್ 1937ರಲ್ಲಿ ಈ ವಿಧಾನವನ್ನು ಮಂಡಿಸಿದಾಗಲೇ ಗೆರೆ ಸ್ಪಷ್ಟವಾಗಿತ್ತು. ಸವಣೂರಿನ ಎಲ್ಲ ಗೋವಿನಜೋಳದ ಹೊಲಗಳನ್ನೂ ನೋಡಿದರೆ ಸಿಗುವ ಪ್ರಮಾಣ ಒಂದೇ ಒಂದು, ಅದು ಅಲುಗಾಡುವುದಿಲ್ಲ. ಅಲುಗಾಡುವುದು ನಮ್ಮ ಇಂಟರ್ವಲ್. ಬೇರೆ 40 ಹೊಲಗಳು ಆಯ್ಕೆಯಾಗಿದ್ದರೆ ಹುಳು 7ರಲ್ಲೋ 13ರಲ್ಲೋ ಸಿಗುತ್ತಿತ್ತು, ಇಂಟರ್ವಲ್‌ನ ಎರಡೂ ತುದಿಗಳು ಜರುಗುತ್ತಿದ್ದವು. ಇದೇ ಸಮೀಕ್ಷೆಯನ್ನು ಹೊಸದಾಗಿ ಹೊಲ ಆರಿಸಿ ಮತ್ತೆ ಮತ್ತೆ ಮಾಡಿದರೆ, ಪ್ರತಿ ನೂರು ಇಂಟರ್ವಲ್‌ಗಳಲ್ಲಿ 95ರಷ್ಟಾದರೂ ಆ ಒಂದು ನಿಜ ಪ್ರಮಾಣವನ್ನು ಒಳಗೊಳ್ಳುತ್ತವೆ. ಭರವಸೆ ಇರುವುದು ವಿಧಾನದ ಮೇಲೆ. ಕೈಗೆ ಬಂದ 13–41 ಆ 95ರಲ್ಲಿ ಒಂದೋ, ತಪ್ಪಿಹೋದ ಐದರಲ್ಲಿ ಒಂದೋ ಎಂಬುದನ್ನು ಈ ವಿಧಾನ ಹೇಳುವುದಿಲ್ಲ.

ನಾಲ್ಕೂ ತಾಲ್ಲೂಕುಗಳ ಸಾಲುಗಳನ್ನು ಒಟ್ಟಿಗೆ ಓದುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ಪ್ರತಿ ಇಂಟರ್ವಲ್ ನೂರಕ್ಕೆ 95 ಸಲ ಸರಿಯಾಗುವಂಥದ್ದಾದರೆ, ನಾಲ್ಕೂ ಒಟ್ಟಿಗೆ ಸರಿಯಾಗುವುದು 0.95ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 81 ಸಲ. ನಾಲ್ಕರಲ್ಲಿ ಒಂದಾದರೂ ತಾಲ್ಲೂಕಿನ ಸಾಲು ದಾರಿ ತಪ್ಪಿಸುವ ಸಂದರ್ಭಗಳು ಸುಮಾರು ಐದಕ್ಕೊಂದು.

‘ಪ್ರಮಾಣ ಈ ಎರಡು ಅಂಕಿಗಳ ನಡುವೆ ಇರುವ ಸಾಧ್ಯತೆ ಶೇ 95’ ಎಂದು ನೇರವಾಗಿ ಹೇಳುವ ಹಕ್ಕಿರುವುದು ಕ್ರೆಡಿಬಲ್ ಇಂಟರ್ವಲ್‌ಗೆ. ಆದರೆ ಅದಕ್ಕೊಂದು ಬೆಲೆ ತೆರಬೇಕು. ಥಾಮಸ್ ಬೇಯ್ಸ್ ಅವರ, 1763ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಲೇಖನದಿಂದ ಬೆಳೆದ ಈ ದಾರಿಯಲ್ಲಿ, ಹೊಲಕ್ಕೆ ಇಳಿಯುವ ಮೊದಲೇ ನಮಗೆ ಏನು ಗೊತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಇದೇ ಪೂರ್ವಾಂದಾಜು.

ಸವಣೂರಿನ ಅದೇ 40 ಹೊಲ, ಅದೇ 10. ಮೊದಲು ಏನೂ ಗೊತ್ತಿರಲಿಲ್ಲ, ಸೊನ್ನೆಯಿಂದ ನೂರರವರೆಗಿನ ಯಾವ ಪ್ರಮಾಣವೂ ಸಮವಾಗಿ ಸಾಧ್ಯ ಎಂದು ಹೊರಟರೆ ಕ್ರೆಡಿಬಲ್ ಇಂಟರ್ವಲ್ ಸುಮಾರು 14ರಿಂದ 40. ಇದು ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಬಹಳ ಹತ್ತಿರ. ಇನ್ನೊಬ್ಬರು, ‘ಹಿಂದಿನ ಹಂಗಾಮಿನಲ್ಲಿ ಕಾಟ ಶೇ 10ರಷ್ಟಿತ್ತು, ಆ ತಿಳಿವಳಿಕೆಗೆ 100 ಹೊಲ ನೋಡಿದಷ್ಟು ತೂಕ ಕೊಡುತ್ತೇವೆ’ ಎಂದು ಹೊರಡುತ್ತಾರೆ. ಆಗ ನೂರರಲ್ಲಿ 10, ನಲವತ್ತರಲ್ಲಿ 10 ಕೂಡಿ, 140ರಲ್ಲಿ 20 ಆಗುತ್ತದೆ. ಅಂದಾಜು ಶೇ 14ಕ್ಕೆ ಇಳಿಯುತ್ತದೆ, ಕ್ರೆಡಿಬಲ್ ಇಂಟರ್ವಲ್ ಸುಮಾರು 9ರಿಂದ 20.5 ಆಗುತ್ತದೆ. ಈ ಹಂಗಾಮಿನಲ್ಲಿ ಕಣ್ಣಾರೆ ಕಂಡ ಶೇ 25 ಈ ಇಂಟರ್ವಲ್‌ನ ಒಳಗೇ ಇಲ್ಲ!

ಲೆಕ್ಕದಲ್ಲಿ ಯಾರೂ ತಪ್ಪಿಲ್ಲ. ಹಿಂದಿನ ಹಂಗಾಮಿನ ಅಂಕಿ ಗಟ್ಟಿಯಾಗಿದ್ದು ಈ ವರ್ಷವೂ ಪರಿಸ್ಥಿತಿ ಅದೇ ಆಗಿದ್ದರೆ 9–20.5 ಒಳ್ಳೆಯ ಉತ್ತರ. ಮಳೆ ಹೋಗಿ ಹುಳು ಹೆಚ್ಚಿದ ವರ್ಷವಾದರೆ ಅದು ಹೊಲದ ಸಾಕ್ಷ್ಯವನ್ನು ಅದುಮಿಟ್ಟ ಉತ್ತರ. ಯಾವುದು ಸರಿ ಎಂದು ತೀರ್ಮಾನಿಸಲು ಓದುಗನಿಗೆ ಪೂರ್ವಾಂದಾಜು ಕಾಣಬೇಕು. ಫೋಟೊದಲ್ಲಿ ಅದಿಲ್ಲ.

ತಾಲ್ಲೂಕು ಮಟ್ಟದ ವರದಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜಿಲ್ಲೆಗೆ ಸಾಲುವಷ್ಟು ಮಾದರಿಯನ್ನು ತಾಲ್ಲೂಕುಗಳಿಗೆ ಹಂಚಿದರೆ ಪ್ರತಿಯೊಂದಕ್ಕೂ ಬರುವುದು ಕೆಲವೇ ಹೊಲ, ಇಂಟರ್ವಲ್ ಅಗಲವಾಗುತ್ತದೆ. ಅದನ್ನು ಕಿರಿದಾಗಿಸಲು ಬೇಯ್ಸ್ ಮಾದರಿಗಳು ಒಂದು ತಾಲ್ಲೂಕಿನ ಅಂದಾಜಿಗೆ ಪಕ್ಕದ ತಾಲ್ಲೂಕುಗಳಿಂದ ಬಲ ತರುತ್ತವೆ. ನಾಲ್ಕೂ ಕಡೆ ಬೇಸಾಯ ಒಂದೇ ಥರ ಇದ್ದರೆ ಇದು ಲಾಭ. ಆದರೆ ಹಾನಗಲ್ ಭತ್ತ ಬೆಳೆಯುವ ಅರೆಮಲೆನಾಡು, ಸವಣೂರು ಅದಕ್ಕಿಂತ ಒಣ ನೆಲ. ಹಾನಗಲ್ಲಿನ ಅಂಕಿಯಿಂದ ಸವಣೂರಿನ ಅಂದಾಜನ್ನು ಎಳೆದಿದ್ದರೆ ಅದನ್ನು ಬರೆದು ತಿಳಿಸಬೇಕು.

ಈ ಎರಡು ಬಗೆಯ ಸಾಲುಗಳು ನಮ್ಮ ಕಾಲದಲ್ಲೇ ಅಕ್ಕಪಕ್ಕ ಬಂದಿವೆ. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಫೈಜರ್ ಲಸಿಕೆಯ ಪ್ರಬಂಧ ಪರಿಣಾಮಕಾರಿತ್ವವನ್ನು ಶೇ 95 ಎಂದು ಹೇಳಿ, 90.3ರಿಂದ 97.6ರ ಕ್ರೆಡಿಬಲ್ ಇಂಟರ್ವಲ್ ಕೊಟ್ಟಿತು. ಲಸಿಕೆ ಪಡೆದವರಲ್ಲಿ 8, ಪಡೆಯದವರಲ್ಲಿ 162 ಪ್ರಕರಣಗಳಿದ್ದವು. 2021ರ ನವೆಂಬರ್‌ನಲ್ಲಿ ಬಂದ ಕೊವ್ಯಾಕ್ಸಿನ್ ಪ್ರಬಂಧದಲ್ಲಿ 24 ಮತ್ತು 106 ಪ್ರಕರಣಗಳು, ಶೇ 77.8, ಜೊತೆಗೆ 65.2ರಿಂದ 86.4ರ ಕಾನ್ಫಿಡೆನ್ಸ್ ಇಂಟರ್ವಲ್. ಫೈಜರ್‌ನ ಪೂರ್ವಾಂದಾಜು ಪ್ರಯೋಗದ ಯೋಜನೆಯಲ್ಲಿ ಮೊದಲೇ ಬರೆದಿಟ್ಟದ್ದು. ಅದರ ತೂಕ ಎರಡು ಪ್ರಕರಣಗಳಿಗಿಂತ ಕಡಿಮೆ, ನಿಜವಾದ ಪ್ರಕರಣಗಳು 170. ಹಾಗಾಗಿ ಅದು ಫಲಿತಾಂಶವನ್ನು ಎಳೆದಾಡಲಿಲ್ಲ. ಕ್ರೆಡಿಬಲ್ ಇಂಟರ್ವಲ್ ಅನ್ನು ನಂಬಲು ಬೇಕಾದ ಪಾರದರ್ಶಕತೆ ಇದೇ. ನಲವತ್ತು ಹೊಲಗಳಿಗೆ ನೂರು ಹೊಲಗಳ ತೂಕದ ಪೂರ್ವಾಂದಾಜು ಸೇರಿಸುವ ವರದಿ ಅದನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಹೇಳಬೇಕು.

ಎರಡೂ ಇಂಟರ್ವಲ್‌ಗಳಿಗೆ ಕಾಣದ ತಪ್ಪೊಂದಿದೆ. ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸದೆ, ಜೀಪು ನಿಲ್ಲುವ ರಸ್ತೆ ಬದಿಯವನ್ನೇ ನೋಡಿದ್ದರೆ, ಅಥವಾ ದೂರು ಕೊಟ್ಟ ರೈತರ ಹೊಲಕ್ಕೆ ಮಾತ್ರ ಹೋಗಿದ್ದರೆ, ಮೇಲಿನ ಯಾವ ಲೆಕ್ಕವೂ ನಿಲ್ಲದು. ಹಾಗೆ 4,000 ಹೊಲ ನೋಡಿದರೆ ಇಂಟರ್ವಲ್ ಕಿರಿದಾಗುತ್ತದೆ, ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

ಸಾಲನ್ನು ಫೋಟೊ ತೆಗೆಯಬೇಡಿ ಎಂದು ಜನರಿಗೆ ಹೇಳಿ ಪ್ರಯೋಜನವಿಲ್ಲ. ಫೋಟೊದಲ್ಲಿ ಒಂಟಿಯಾಗಿ ಹೋದರೂ ಅರ್ಥ ಕೆಡದಂಥ ಸಾಲನ್ನು ಬರೆಯುವುದು ವರದಿ ಕೊಡುವ ಇಲಾಖೆ ಮತ್ತು ವಿಶ್ವವಿದ್ಯಾಲಯಗಳ ಹೊಣೆ. ಸಂಕ್ಷೇಪ ಬಿಟ್ಟು ಇಂಟರ್ವಲ್‌ನ ಪೂರ್ಣ ಹೆಸರು, ಎಷ್ಟರಲ್ಲಿ ಎಷ್ಟು ಎಂಬ ಎಣಿಕೆ, ಕ್ರೆಡಿಬಲ್ ಆದರೆ ಪೂರ್ವಾಂದಾಜು ಮತ್ತು ಅದರ ತೂಕ, ಇಷ್ಟು ಒಂದೇ ಸಾಲಿನಲ್ಲಿ ಇರಲಿ: ‘ಸವಣೂರು: ಚೀಟಿ ಎತ್ತಿ ಆರಿಸಿದ 40 ಹೊಲಗಳಲ್ಲಿ 10, ಹಿಂದಿನ ಹಂಗಾಮಿನ ಶೇ 10ಕ್ಕೆ 100 ಹೊಲಗಳ ತೂಕ ಕೊಟ್ಟಾಗ ಅಂದಾಜು ಶೇ 14, ಶೇ 95ರ ಕ್ರೆಡಿಬಲ್ ಇಂಟರ್ವಲ್ 9–20.5’. ಇಂಥ ಸಾಲು ಕೈಗೆ ಬಂದ ರೈತ, ‘ಹಿಂದಿನ ವರ್ಷದ ಲೆಕ್ಕಕ್ಕೆ ಈ ವರ್ಷದ ಹೊಲಕ್ಕಿಂತ ಎರಡೂವರೆ ಪಟ್ಟು ತೂಕ ಯಾಕೆ’ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಲ್ಲ. ಬರೀ ‘95% CI’ ಎಂದಿದ್ದರೆ ಆ ಪ್ರಶ್ನೆ ಹುಟ್ಟುವುದಕ್ಕೇ ಎಡೆಯಿಲ್ಲ.